‘ನಿಶ್ಚಲ ನೀರಿನಲ್ಲಿ ಜವ’ ಅಂದ್ರೆ ಹೋಗಿಬರೋ ಸರಾಸರಿ ಅಲ್ಲ

ದೋಣಿ ಲೆಕ್ಕ ಬಿಡಿಸೋ ಇನ್ನೊಂದು ವಿಡಿಯೋ ನೋಡ್ದೆ, ಅದರಲ್ಲೂ ಅದೇ ಕಥೆ. ಒಟ್ಟು ದೂರನ ಒಟ್ಟು ಟೈಮಿಂದ ಭಾಗಿಸಿ, ಬಂದಿದ್ದನ್ನ ‘ನಿಶ್ಚಲ ನೀರಿನಲ್ಲಿ ದೋಣಿಯ ಜವ’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದುಬಿಟ್ರು. ಈ ಪದನ ಇಷ್ಟು ಸಲೀಸಾಗಿ ಎಲ್ಲೆಂದರಲ್ಲಿ ಅಂಟಿಸೋದು ನೋಡಿ ನೋಡಿ ಸಾಕಾಗಿದೆ.

ನಿಶ್ಚಲ ನೀರು ಅಂದ ತಕ್ಷಣ ಎಲ್ರೂ ಬೇರೆ ಯಾವುದೋ ಕೆರೆ ಕಲ್ಪಿಸ್ಕೋತಾರೆ, ಲೆಕ್ಕದಲ್ಲಿರೋ ನದಿಗೂ ಅದಕ್ಕೂ ಸಂಬಂಧ ಇಲ್ಲ ಅನ್ನೋ ಥರ. ಹಾಗಲ್ಲ. ಹರಿಯೋ ನದಿಯಲ್ಲೂ ಆ ಜವ ಪ್ರತಿ ಕ್ಷಣ ಇದ್ದೇ ಇರತ್ತೆ, ಅದು ದೋಣಿ ತನ್ನ ಸುತ್ತ ಇರೋ ನೀರಿಗೆ ಹೋಲಿಸಿದರೆ ಎಷ್ಟು ಬೇಗ ಸಾಗ್ತಿದೆ ಅನ್ನೋದು. ದಡದಲ್ಲಿ ನಿಂತೋರಿಗೆ ಕಾಣೋದು ಬೇರೆ ಜವ.

ನಂಬಿಕೆ ಬರದಿದ್ರೆ ಟೋಪಿ ಲೆಕ್ಕ ನೋಡಿ. ದೋಣಿದು ಗಂಟೆಗೆ 6 ಕಿಮೀ, ಪ್ರವಾಹದ್ದು 2. ಪ್ರವಾಹಕ್ಕೆ ಎದುರಾಗಿ ಹೋಗ್ತಿರುವಾಗ ಟೋಪಿ ನೀರಿಗೆ ಬಿತ್ತು, ಗೊತ್ತಾಗಿದ್ದು ಅರ್ಧ ಗಂಟೆ ಆದ್ಮೇಲೆ. ಅಷ್ಟರಲ್ಲಿ ದೋಣಿ 2 ಕಿಮೀ ಮೇಲೆ ಹೋಗಿದೆ, ಟೋಪಿ 1 ಕಿಮೀ ಕೆಳಗೆ ತೇಲಿದೆ, ನಡುವೆ 3 ಕಿಮೀ. ಈಗ ದೋಣಿ ತಿರುಗಿದ್ರೆ ದಡದ ಲೆಕ್ಕದಲ್ಲಿ ಅದರ ಜವ 8, ಟೋಪಿದು 2, ಹಾಗಾಗಿ ಅಂತರ ಗಂಟೆಗೆ 6 ಕಿಮೀ ಲೆಕ್ಕದಲ್ಲಿ ಕಮ್ಮಿ ಆಗತ್ತೆ, ಮತ್ತೆ ಅರ್ಧ ಗಂಟೆಗೆ ಟೋಪಿ ಕೈಗೆ ಸಿಗತ್ತೆ. ಪ್ರವಾಹ 2ರ ಬದಲು 3 ಇದ್ರೂ ಅದೇ ಅರ್ಧ ಗಂಟೆ, ಯಾಕಂದ್ರೆ ಟೋಪಿನೂ ದೋಣಿನೂ ಒಂದೇ ನೀರಿನ ಮೇಲಿವೆ, ಟೋಪಿಯಿಂದ ನೋಡಿದ್ರೆ ದೋಣಿ ಹೋಗುವಾಗಲೂ 6, ಬರುವಾಗಲೂ 6. ಆ 6 ಇದೆಯಲ್ಲ, ಅದೇ ‘ನಿಶ್ಚಲ ನೀರಿನಲ್ಲಿ ಜವ’.

ಇದನ್ನ x ಅಂತ, ಪ್ರವಾಹದ ಜವನ y ಅಂತ ಇಟ್ಕೊಂಡ್ರೆ ಪ್ರವಾಹದ ದಿಕ್ಕಲ್ಲಿ x + y, ವಿರುದ್ಧ x − y, ಇದು ಎಲ್ರಿಗೂ ಗೊತ್ತು.

ಈಗ ಸರಾಸರಿ ವಿಷಯಕ್ಕೆ ಬರೋಣ. ಅದೇ ದೋಣಿಗೆ x + y ಅಂದ್ರೆ 8, x − y ಅಂದ್ರೆ 4, ಇವೆರಡನ್ನ ಕೂಡಿಸಿ ಎರಡರಿಂದ ಭಾಗಿಸಿದ್ರೆ 6 ಬರತ್ತೆ, ಅದು ಸರಿ, ಎರಡು *ಜವಗಳ* ಸರಾಸರಿ x ಆಗ್ಲೇಬೇಕು ಯಾಕಂದ್ರೆ y ಹೊಡೆದುಹೋಗತ್ತೆ. ಇದನ್ನ ನೋಡಿದೋರು ಇಡೀ *ಪ್ರಯಾಣದ* ಸರಾಸರಿನೂ x ಅಂತ ತಿಳ್ಕೊಂಡುಬಿಡ್ತಾರೆ, ತಪ್ಪು ಹುಟ್ಟೋದೇ ಇಲ್ಲಿ. 24 ಕಿಮೀ ಪ್ರವಾಹದ ದಿಕ್ಕಲ್ಲಿ ಹೋಗಿ ಅಷ್ಟೇ ದೂರ ವಾಪಸ್ ಬಂದ್ರೆ 3 ಗಂಟೆ ಮತ್ತು 6 ಗಂಟೆ, ಒಟ್ಟು 48 ಕಿಮೀಗೆ 9 ಗಂಟೆ, ಅಂದ್ರೆ ಗಂಟೆಗೆ ಸುಮಾರು 5.33 ಕಿಮೀ. 6 ಅಲ್ಲ. ದೂರ ಸಮ ಇದ್ರೂ ಟೈಮ್ ಸಮ ಇಲ್ಲ, ನಿಧಾನವಾಗಿ ಹೋಗೋ ಕಡೆಗೇ ಜಾಸ್ತಿ ಹೊತ್ತು ಹಿಡಿಯತ್ತೆ, ಅದಕ್ಕೇ ಪ್ರವಾಹ ಸ್ವಲ್ಪ ಇದ್ರೂ ಹೋಗಿಬರೋ ಸರಾಸರಿ ಯಾವಾಗ್ಲೂ xಗಿಂತ ಕಮ್ಮಿನೇ. ಒಂದು ಕಡೆ ಸಿಕ್ಕ ಲಾಭ ಇನ್ನೊಂದು ಕಡೆ ಆದ ನಷ್ಟನ ತುಂಬಲ್ಲ.

ಇದೇ ಲೆಕ್ಕನ ತಿರುಗಿಸಿ ಕೇಳಿದಾಗಲೇ ಜನ ಎಡವೋದು: ಪ್ರವಾಹ ಗಂಟೆಗೆ 2 ಕಿಮೀ, 24 ಕಿಮೀ ಹೋಗಿಬರೋಕೆ ಒಟ್ಟು 9 ಗಂಟೆ, ನಿಶ್ಚಲ ನೀರಿನಲ್ಲಿ ದೋಣಿಯ ಜವ ಎಷ್ಟು? 48ನ್ನ 9ರಿಂದ ಭಾಗಿಸೋ ಆಸೆ ಬಿಟ್ಟು ಎರಡು ಟೈಮನ್ನ ಕೂಡಿಸಬೇಕು:

```
24/(x + 2) + 24/(x − 2) = 9
48x = 9(x² − 4)
3x² − 16x − 12 = 0
(x − 6)(3x + 2) = 0
```

ಸಮೀಕರಣದಲ್ಲಿ ಕೂಡಿಸ್ತಿರೋದು ಗಂಟೆಗಳನ್ನ, ಜವಗಳನ್ನಲ್ಲ, ಇದೊಂದು ತಲೇಲಿ ಇದ್ರೆ ಸಾಕು. x = 6 ಅಥವಾ −2/3. ಎರಡನೇದನ್ನ ‘ಋಣ ಬೆಲೆ ಬರಲ್ಲ’ ಅಂತ ಹೊಡೆದುಹಾಕ್ತಾರೆ, ಸರಿನೇ, ಆದ್ರೆ ಇಲ್ಲಿ ಬೇಕಿರೋ ಶರತ್ತು ಅದಕ್ಕಿಂತ ಬಿಗಿ: x, yಗಿಂತ ದೊಡ್ಡದಿರಬೇಕು. ಉತ್ತರ 1.5 ಅಂತ ಬಂದ್ರೆ ಅದು ಧನ ಸಂಖ್ಯೆನೇ, ಆದ್ರೂ ಆ ದೋಣಿ ಎದುರು ಹೋಗೋಕೆ ನೋಡಿದಷ್ಟೂ ಹಿಂದಕ್ಕೇ ಜಾರತ್ತೆ.

5.33 ಸರಿ ಅಂತ ಇನ್ನೂ ಹಟ ಮಾಡೋರು ಅದನ್ನೇ ಸಮೀಕರಣಕ್ಕೆ ಹಾಕಿ ನೋಡಿ. ಹೋಗೋಕೆ ಸುಮಾರು 3.27 ಗಂಟೆ, ಬರೋಕೆ 7.2, ಒಟ್ಟು ಹತ್ತೂವರೆ ಹತ್ತಿರ. ಲೆಕ್ಕದಲ್ಲಿ ಕೊಟ್ಟಿದ್ದು 9.