ನಿವೃತ್ತರಾಗುವ ಸಹೋದ್ಯೋಗಿಯ ಬಗ್ಗೆ ಐದು ನಿಮಿಷ ಏನು ಮಾತಾಡಲಿ?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ನಮ್ಮ ಶಾಲೆಯ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದ ಗುಮಾಸ್ತರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಬೀಳ್ಕೊಡುಗೆಯಲ್ಲಿ ನಾನೂ ಐದು ನಿಮಿಷ ಮಾತಾಡಬೇಕು. ಬರೆಯಲು ಕೂತರೆ ‘ಸರಳ ಸಜ್ಜನಿಕೆ’, ‘ಅಜಾತಶತ್ರು’, ‘ತುಂಬಲಾರದ ನಷ್ಟ’ ಇಂಥವೇ ಬರುತ್ತವೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಅವರ ಗುಣದಿಂದ ಬೇಡ, ಅವರ ಮೇಜಿನಿಂದ ಶುರು ಮಾಡಿ. ಆ ಮೇಜಿನ ಮೇಲೆ ಮೂವತ್ತು ವರ್ಷ ಯಾವ ಕೆಲಸ ನಡೆಯಿತು, ಅದನ್ನು ಅವರು ಬೇರೆಯವರಿಗಿಂತ ಬೇರೆಯಾಗಿ ಹೇಗೆ ಮಾಡಿದರು ಎಂಬುದನ್ನು ಹುಡುಕಿ. ‘ಅಜಾತಶತ್ರು’ ಸುಳ್ಳಲ್ಲದಿರಬಹುದು. ಆದರೆ ಹೋದ ವರ್ಷ ನಿವೃತ್ತರಾದವರಿಗೂ ಅದನ್ನೇ ಹೇಳಿರುತ್ತಾರೆ. ಹೆಸರು ಬದಲಿಸಿ ಇನ್ನೊಬ್ಬರಿಗೆ ಓದಿದರೂ ಹೊಂದುವ ವಾಕ್ಯವನ್ನು ಹೊಡೆದುಹಾಕಿ.

ವಿಷಯಕ್ಕಾಗಿ ಮೂವರನ್ನು ಕೇಳಿ: ಗಂಟೆ ಬಾರಿಸುವ ಗ್ರೂಪ್ ‘ಡಿ’ ನೌಕರರು, ಒಬ್ಬ ಹಳೆಯ ವಿದ್ಯಾರ್ಥಿ, ಹಿಂದೆ ಇದ್ದ ಒಬ್ಬ ಮುಖ್ಯೋಪಾಧ್ಯಾಯರು. ‘ಅವರು ಹೇಗೆ?’ ಎಂದು ಕೇಳಿದರೆ ‘ತುಂಬಾ ಒಳ್ಳೆಯವರು’ ಅನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ‘ಅವರು ರಜೆ ಹಾಕಿದ ದಿನ ಯಾವ ಕೆಲಸ ನಿಂತುಹೋಗುತ್ತಿತ್ತು?’ ಎಂದು ಕೇಳಿ ನೋಡಿ. ಈ ಒಂದು ಪ್ರಶ್ನೆಗೆ ಸಿಗುವ ಉತ್ತರವೇ ನಿಮ್ಮ ಭಾಷಣದ ಅರ್ಧ.

ಉದಾಹರಣೆಗೆ, ಹಳೆಯ ಟಿ.ಸಿ. ನಕಲು ಕೇಳಿಕೊಂಡು ಬಂದವರ ಕೆಲಸ ನಿಲ್ಲುತ್ತಿತ್ತು ಎಂದು ತಿಳಿಯಿತು ಅನ್ನಿ. ಇಷ್ಟನ್ನೇ ಹೇಳಿದರೆ ಸಾಲದು, ಯಾಕೆ ಎಂದು ಬಿಡಿಸಿ. ದಾಖಲಾತಿ ವಹಿಯಲ್ಲಿ ಹೆಸರುಗಳಿರುವುದು ಸೇರಿದ ಕ್ರಮದಲ್ಲಿ. ಬಂದವರಿಗೆ ಪಾಸಾದ ವರ್ಷ ಮಾತ್ರ ನೆನಪಿರುತ್ತದೆ. ಅದನ್ನು ಬಲ್ಲವರು ಮೊದಲು ಕೇಳುವುದು, ‘ಎಂಟನೇ ಕ್ಲಾಸಿಗೆ ಸೇರಿದ್ದು ಯಾವಾಗ?’ ಎಂದು. ಈಗ ಭಾಷಣದಲ್ಲಿ ಹೀಗೆ ಬರೆಯಬಹುದು:

“ಸರ್, ನಿಮ್ಮ ಕಿಟಕಿಯ ಮುಂದೆ ನಿಂತವರಿಗೆ ನೀವು ‘ನಾಳೆ ಬನ್ನಿ’ ಅಂದದ್ದನ್ನು ನಾನು ಕೇಳಿಲ್ಲ. ‘ಎಂಟನೇ ಕ್ಲಾಸಿಗೆ ಸೇರಿದ್ದು ಯಾವಾಗ?’ ಅಂತ ಕೇಳುತ್ತಿದ್ದಿರಿ. ಅವರು ತಲೆ ಕೆರೆದುಕೊಂಡರೆ, ‘ನಿಮ್ಮ ಅಣ್ಣ ಆಗ ಯಾವ ಕ್ಲಾಸು?’ ಅಂತ ಇನ್ನೊಂದು ದಾರಿ ಹಿಡಿಯುತ್ತಿದ್ದಿರಿ. ಅಷ್ಟು ಹೊತ್ತಿಗೆ ಬೀರುವಿನ ಬಾಗಿಲು ತೆರೆದಿರುತ್ತಿತ್ತು.”

ಇಲ್ಲಿ ‘ತಾಳ್ಮೆ’ ಎಂಬ ಪದ ಎಲ್ಲೂ ಇಲ್ಲ, ಆದರೂ ಕೂತವರಿಗೆ ಅದು ಕಾಣುತ್ತದೆ. ಕೆಲಸವನ್ನು ತೋರಿಸಿದ ಮೇಲೆ ‘ಇದು ಅವರ ತಾಳ್ಮೆಗೆ ಸಾಕ್ಷಿ’ ಎಂದು ಸೇರಿಸಬೇಡಿ. ನಿಮ್ಮ ಶಾಲೆಯ ಸಂಗತಿ ಬೇರೆ ಇರಬಹುದು: ಎಸ್ಸೆಸ್ಸೆಲ್ಸಿ ಅರ್ಜಿ ಕಳಿಸುವ ಮುಂಚೆ ಪ್ರತಿ ಮಗುವಿನ ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ ತಾಳೆ ನೋಡುತ್ತಿದ್ದದ್ದೋ, ಸಂಬಳದ ಬಿಲ್ಲು ತಡವಾಗದಂತೆ ಖಜಾನೆಗೆ ಓಡಾಡಿದ್ದೋ. ನಡೆದದ್ದನ್ನಷ್ಟೇ ಹೇಳಿ, ಏಕೆಂದರೆ ನೋಡಿದವರು ಎದುರಿಗೇ ಕೂತಿರುತ್ತಾರೆ.

ಐದು ನಿಮಿಷಕ್ಕೆ ಇಂಥ ಎರಡು ಸಂಗತಿ ಸಾಕು. ಮೂರನೆಯದೊಂದನ್ನು ಕೈಯಲ್ಲಿಟ್ಟುಕೊಳ್ಳಿ. ನಿಮಗಿಂತ ಮುಂಚೆ ನಾಲ್ಕು ಜನ ಮಾತಾಡಿದರೆ ನಿಮ್ಮ ಒಂದು ಸಂಗತಿ ಅಲ್ಲೇ ಖರ್ಚಾಗುವುದುಂಟು. ಸೇವೆಗೆ ಸೇರಿದ ದಿನಾಂಕ, ವರ್ಗಾವಣೆಗಳ ಪಟ್ಟಿ ಬಿಟ್ಟುಬಿಡಿ, ಅದು ಸನ್ಮಾನ ಪತ್ರದಲ್ಲಿರುತ್ತದೆ. ಆದರೆ ‘ಮೂವತ್ತು ವರ್ಷ’ ಎನ್ನುವುದು ಈ ಶಾಲೆಯಲ್ಲೋ ಒಟ್ಟು ಸೇವೆಯಲ್ಲೋ ಎಂದು ಅವರನ್ನೇ ಕೇಳಿ ಖಚಿತ ಮಾಡಿಕೊಳ್ಳಿ. ಬರೆದದ್ದನ್ನು ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ, ಗಡಿಯಾರ ಇಟ್ಟುಕೊಂಡು ಓದಿ. ಕಣ್ಣಲ್ಲಿ ಓದಿದಾಗ ಮೂರು ನಿಮಿಷ ಅನಿಸಿದ್ದು ಮೈಕಿನ ಮುಂದೆ ಐದಾಗುತ್ತದೆ.

ಇನ್ನೊಂದು ಮಾತು. ರಾಜ್ಯ ಸರ್ಕಾರಿ ನೌಕರರು ಅರವತ್ತು ತುಂಬುವ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಹುಟ್ಟಿದ್ದು ಒಂದನೇ ತಾರೀಖಾದರೆ ಹಿಂದಿನ ತಿಂಗಳ ಕೊನೆಯ ದಿನ. ಹಿಂದೆಲ್ಲ ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸಿದವರು ಬಹಳ, ಹಾಗಾಗಿ ಮೇ 31ರಂದು ಒಂದೇ ವೇದಿಕೆಯಲ್ಲಿ ಇಬ್ಬರು ಮೂವರಿಗೆ ಬೀಳ್ಕೊಡುಗೆ ಇರಬಹುದು. ಆಗ ಎಲ್ಲರನ್ನೂ ಸೇರಿಸಿ ‘ಇವರೆಲ್ಲರೂ’ ಎನ್ನಬೇಡಿ, ನೀವು ಚೆನ್ನಾಗಿ ಬಲ್ಲ ಒಬ್ಬರ ಬಗ್ಗೆ ಮಾತ್ರ ಮಾತಾಡುತ್ತೇನೆಂದು ಮೊದಲೇ ಹೇಳಿಬಿಡಿ.

ಪಿಂಚಣಿ ಕಡತ ಎಲ್ಲಿದೆ, ಆರೋಗ್ಯ ಹೇಗಿದೆ, ಮಗಳ ಮದುವೆ ಯಾವಾಗ, ಇವು ವೇದಿಕೆಯ ಮಾತಲ್ಲ. ಮನೆಯವರು ಮುಂದಿನ ಸಾಲಿನಲ್ಲೇ ಇರುತ್ತಾರೆ. ‘ತುಂಬಲಾರದ ನಷ್ಟ’ವೂ ಬೇಡ, ನಾಳೆ ಆ ಕುರ್ಚಿಯಲ್ಲಿ ಕೂರುವವರು ಅಲ್ಲೇ ಇರಬಹುದು.

ಕೊನೆಯ ಎರಡು ವಾಕ್ಯ ಸಭೆಗಲ್ಲ, ಅವರಿಗೆ. ಅವರ ಕಡೆ ತಿರುಗಿ, ಕಾಗದ ನೋಡದೆ ಹೇಳಿ: “ಸರ್, ನಾಳೆ ಬೀರುವಿನ ಬೀಗದ ಕೈ ಬೇರೆಯವರ ಹತ್ತಿರ ಇರುತ್ತದೆ. ಯಾರಾದರೂ ಹಳೆಯ ಟಿ.ಸಿ. ಕೇಳಿಕೊಂಡು ಬಂದರೆ, ನಾವೂ ಮೊದಲು ಸೇರಿದ ವರ್ಷ ಕೇಳುತ್ತೇವೆ.” ಅಷ್ಟು ಹೇಳಿ ಕೂತುಬಿಡಿ.