ಕುರುಡು ಚುಕ್ಕೆ ಯಾರ ವಾದಕ್ಕೆ ಪೆಟ್ಟು?

ಒಂದು ಬಿಳಿ ಹಾಳೆ ತಗೊಳ್ಳಿ. ಎಡಕ್ಕೆ ಒಂದು ಪ್ಲಸ್ ಗುರುತು ಹಾಕಿ. ಅಲ್ಲಿಂದ 8 ಸೆಂಟಿಮೀಟರ್ ಬಲಕ್ಕೆ ಒಂದು ಸಣ್ಣ ಕಪ್ಪು ಚುಕ್ಕೆ ಇಡಿ. ಈಗ ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ಪ್ಲಸ್ ಗುರುತನ್ನೇ ನೋಡುತ್ತಾ ಹಾಳೆಯನ್ನು ನಿಧಾನವಾಗಿ ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರ್ ದೂರಕ್ಕೆ ಬಂದಾಗ ಚುಕ್ಕೆ ಮಾಯವಾಗುತ್ತದೆ. ಇನ್ನೂ ಹತ್ತಿರ ತಂದರೆ ಮತ್ತೆ ಕಾಣಿಸುತ್ತದೆ.

ಧರ್ಮದ ತತ್ವಶಾಸ್ತ್ರ ಪಾಠ ಮಾಡುವ ನಾನು ಜಗತ್ತಿನ ಹೊಂದಿಕೆ ತೋರಿಸಿ ಅದನ್ನು ಮಾಡಿದ ದೇವರಿದ್ದಾನೆ ಎನ್ನುವ ವಿನ್ಯಾಸ ವಾದವನ್ನು ಈ ಹಾಳೆಯಿಂದಲೇ ಶುರು ಮಾಡುತ್ತೇನೆ. ಚುಕ್ಕೆ ಮಾಯವಾಗಲು ಕಾರಣ ಸರಳ. ನಮ್ಮ ಕಣ್ಣಿನ ರೆಟಿನಾದಲ್ಲಿ ಬೆಳಕನ್ನು ಹಿಡಿಯುವ ಕೋಶಗಳು ಹಿಂದೆ ಇವೆ, ಅವುಗಳ ಸುದ್ದಿಯನ್ನು ಹೊತ್ತೊಯ್ಯುವ ನರಗಳು ಮುಂದೆ ಇವೆ. ಆ ನರಗಳೆಲ್ಲ ಒಟ್ಟಾಗಿ ಮೆದುಳಿನ ಕಡೆ ಹೋಗಬೇಕಾದರೆ ರೆಟಿನಾವನ್ನೇ ತೂರಿ ಹೊರಬೀಳಬೇಕು. ಆ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳಿಲ್ಲ, ಅದೇ ಕುರುಡು ಚುಕ್ಕೆ. ಆಕ್ಟೋಪಸ್‌ನ ಕಣ್ಣಲ್ಲಿ ಜೋಡಣೆ ತಿರುವುಮುರುವು, ನರಗಳು ಹಿಂದಿನಿಂದಲೇ ಹೊರಡುತ್ತವೆ. ಹಾಗಾಗಿ ಅದಕ್ಕೆ ಕುರುಡು ಚುಕ್ಕೆ ಇಲ್ಲ.

ಇಷ್ಟು ಹೇಳುವಷ್ಟರಲ್ಲಿ ಯಾರಾದರೂ ಕೈ ಎತ್ತುತ್ತಾರೆ. "ಮುಗೀತಲ್ಲ ಸರ್, ಇಂಥ ಎಡವಟ್ಟು ಕೆಲಸ ದೇವರದ್ದು ಹೇಗಾಗುತ್ತೆ?" ಮುಗಿದಿಲ್ಲ. ಈ ಆಕ್ಷೇಪಕ್ಕೆ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲೇ ತನ್ನ 'ನ್ಯಾಚುರಲ್ ಥಿಯಾಲಜಿ' ಪುಸ್ತಕದಲ್ಲಿ ಉತ್ತರ ಕೊಟ್ಟಿದ್ದ, ಡಾರ್ವಿನ್ ಹುಟ್ಟುವ 7 ವರ್ಷ ಮೊದಲು.

ಪೇಲಿಯ ಗಡಿಯಾರದ ಕತೆ ಗೊತ್ತಿರಬಹುದು. ಬಯಲಲ್ಲಿ ನಡೆಯುವಾಗ ಕಾಲಿಗೆ ಕಲ್ಲು ತಾಗಿದರೆ ಅದು ಎಲ್ಲಿಂದ ಬಂತು ಎಂದು ನಾವು ಕೇಳುವುದಿಲ್ಲ. ಗಡಿಯಾರ ಸಿಕ್ಕಿದರೆ ಕೇಳುತ್ತೇವೆ. ಬಿಡಿಭಾಗಗಳೆಲ್ಲ ಒಂದೇ ಉದ್ದೇಶಕ್ಕೆ ಹೊಂದಿಕೊಂಡಿರುವುದರಿಂದ, ಯಾರೋ ಯೋಚಿಸಿ ಮಾಡಿದ್ದಾರೆ ಅನ್ನುತ್ತೇವೆ. ಈ ಗಡಿಯಾರ ಆಗಾಗ ತಪ್ಪು ಗಂಟೆ ತೋರಿಸಿದರೂ ಮಾಡಿದವನು ಇದ್ದಾನೆ ಎಂಬ ತೀರ್ಮಾನ ಬೀಳುವುದಿಲ್ಲ ಎಂದು ಪೇಲಿ ಸ್ಪಷ್ಟವಾಗಿ ಬರೆದಿದ್ದಾನೆ. ಹದ ತಪ್ಪಿದ ಗಡಿಯಾರವೂ ಗಡಿಯಾರವೇ, ಅಲ್ವಾ? ಕುರುಡು ಚುಕ್ಕೆ ಮಾಡಿದವನ ಕುಶಲತೆಯನ್ನು ಪ್ರಶ್ನಿಸಬಹುದು. ಅವನು ಇದ್ದಾನೆಯೇ ಎಂಬುದು ಬೇರೆ ಪ್ರಶ್ನೆ.

ಪೇಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಗಡಿಯಾರವೇ ಇನ್ನೊಂದು ಗಡಿಯಾರವನ್ನು ಹೆರುತ್ತದೆ ಎಂದುಕೊಳ್ಳಿ, ಆಗ ಮಾಡಿದವನ ಬಗ್ಗೆ ಬೆರಗು ಇನ್ನೂ ಜಾಸ್ತಿಯಾಗುತ್ತದೆ ಎಂದ. ನನಗೆ ಪುಸ್ತಕದಲ್ಲಿ ತುಂಬ ಕುತೂಹಲ ಹುಟ್ಟಿಸುವ ಜಾಗ ಇದು. ಇಲ್ಲಿ ಅವನು ಉತ್ತರದ ಬಾಗಿಲ ಬಳಿಯೇ ನಿಂತಿದ್ದ. ಆದರೆ ಅವನ ಗಡಿಯಾರದ ಮರಿಗಳೆಲ್ಲ ಒಂದೇ ಥರ. ಮರಿಮರಿಗೂ ಸ್ವಲ್ಪ ವ್ಯತ್ಯಾಸ ಇದ್ದು, ಆ ವ್ಯತ್ಯಾಸ ಮುಂದಿನ ತಲೆಮಾರಿಗೂ ಇಳಿದು, ಚೆನ್ನಾಗಿ ನಡೆಯುವವಕ್ಕೆ ಮರಿಗಳು ಜಾಸ್ತಿ ಆಗುತ್ತವೆ ಎಂದಿದ್ದರೆ ಕತೆಯೇ ಬೇರೆ. ಡಾರ್ವಿನ್ 1859ರಲ್ಲಿ ಸೇರಿಸಿದ್ದು ಅದನ್ನೇ.

ಡಾರ್ವಿನ್‌ಗೂ ಕಣ್ಣು ಸುಲಭದ ತುತ್ತಾಗಿರಲಿಲ್ಲ. ಕಣ್ಣಿನ ವಿಷಯ ಈಗಲೂ ಮೈ ನಡುಗಿಸುತ್ತದೆ ಎಂದು 1860ರಲ್ಲಿ ಸಸ್ಯವಿಜ್ಞಾನಿ ಆಸಾ ಗ್ರೇಗೆ ಬರೆದ. ಈ ನಡುಕಕ್ಕೆ ಲೆಕ್ಕದಲ್ಲಿ ಒಂದು ಉತ್ತರ ಬಂದಿದ್ದು 1994ರಲ್ಲಿ, ಸ್ವೀಡನ್ನಿನ ವಿಜ್ಞಾನಿಗಳಾದ ನಿಲ್ಸನ್ ಮತ್ತು ಪೆಲ್ಗರ್ ಅವರಿಂದ. ಬೆಳಕು ಹಿಡಿಯುವ ಒಂದು ಚಪ್ಪಟೆ ಪದರದಿಂದ ಅವರು ಹೊರಟರು. ಅದು ಸ್ವಲ್ಪ ಸ್ವಲ್ಪವೇ ಕುಳಿಯಾಗುತ್ತದೆ, ಕುಳಿಯ ಬಾಯಿ ಕಿರಿದಾಗುತ್ತದೆ, ಒಳಗೆ ಲೆನ್ಸ್ ಮೂಡುತ್ತದೆ. ಒಂದೊಂದು ಹೆಜ್ಜೆಯಲ್ಲಿ ಬದಲಾಗುವುದು ಬರೀ 1 ಶೇಕಡಾ, ಪ್ರತಿ ಹೆಜ್ಜೆಯಲ್ಲೂ ನೋಟ ತುಸು ಚುರುಕಾಗಬೇಕು ಎಂಬ ಷರತ್ತು. ಮೀನಿನ ಕಣ್ಣಿನಂಥ ಕಣ್ಣು ಬರಲು 1829 ಹೆಜ್ಜೆ ಸಾಕಾಯಿತು. ಬೇಕೆಂದೇ ನಿಧಾನದ ವೇಗ ಹಿಡಿದು ಲೆಕ್ಕ ಹಾಕಿದರೂ 4 ಲಕ್ಷ ತಲೆಮಾರು ದಾಟಲಿಲ್ಲ.

ಇದನ್ನು ಎಷ್ಟೋ ಕಡೆ ಕಂಪ್ಯೂಟರ್‌ನಲ್ಲಿ ಕಣ್ಣು ಬೆಳೆಸಿ ತೋರಿಸಿದರು ಎಂದು ಬರೆದುಬಿಡುತ್ತಾರೆ. ಹಾಗೇನಿಲ್ಲ, ಅದು ಕಾಗದದ ಮೇಲಿನ ಲೆಕ್ಕ. ಬೆಳಕು ಹಿಡಿಯುವ ಕೋಶ ಎಲ್ಲಿಂದ ಬಂತು, ಚಿತ್ರವನ್ನು ಓದುವ ಮೆದುಳು ಹೇಗೆ ಬಂತು ಎಂಬುದನ್ನು ಅದು ಮುಟ್ಟುವುದಿಲ್ಲ. ಅದು ಉತ್ತರಿಸಿದ್ದು ಒಂದೇ ಪ್ರಶ್ನೆಗೆ: ಅರ್ಧಂಬರ್ಧ ಕಣ್ಣಿನಿಂದ ಏನು ಉಪಯೋಗ? ನಾಟಿಲಸ್ ಎಂಬ ಕಡಲಜೀವಿ ಲೆನ್ಸೇ ಇಲ್ಲದ ತೂತುಗಣ್ಣಲ್ಲಿ ಈಗಲೂ ಆರಾಮಾಗಿ ಬದುಕಿದೆ.

ಹಾಗಾದರೆ ಪೇಲಿಗೆ ಬಿದ್ದ ಪೆಟ್ಟು ಯಾವುದು? ಯೋಜನೆ ಮಾಡಿದವನಿಲ್ಲದೆ ಇಂಥ ಹೊಂದಿಕೆ ಬರಲಾರದು ಎಂಬ ಅವನ ಮಾತು ಬಿತ್ತು. ಬೇರೆ ದಾರಿಯೂ ಇದೆ ಎಂದಾಯಿತು. ದೇವರಿಲ್ಲ ಎಂದು ಇದರಿಂದ ಸಿದ್ಧವಾಗಲಿಲ್ಲ. ಈ ಎರಡರ ನಡುವಿನ ಅಂತರವನ್ನು ಉತ್ತರಪತ್ರಿಕೆಗಳಲ್ಲಿ ಅರ್ಧಕ್ಕರ್ಧ ಜನ ನುಂಗಿಬಿಡುತ್ತಾರೆ.

ಈಗ ಕುರುಡು ಚುಕ್ಕೆಗೆ ವಾಪಸ್ ಬರೋಣ. ದೇವರು ಮಾಡಿದ್ದರೆ ಹೀಗೆ ಮಾಡುತ್ತಿರಲಿಲ್ಲ ಎನ್ನುವವರು, ಅವನಿಗೆ ಏನು ಬೇಕಿತ್ತು ಎಂಬುದು ತಮಗೆ ಗೊತ್ತು ಎಂದುಕೊಂಡೇ ಮಾತಾಡುತ್ತಾರೆ. ಅಮೆರಿಕದ ತತ್ವಶಾಸ್ತ್ರಜ್ಞ ಎಲಿಯಟ್ ಸೋಬರ್ ಬೆರಳಿಟ್ಟಿದ್ದು ಇಲ್ಲಿಗೇ. ಎಡವಟ್ಟು ಎಂದುಕೊಂಡಿದ್ದು ಎಡವಟ್ಟೇ ಎಂಬುದೂ ಅಷ್ಟು ಖಚಿತವಲ್ಲ. ರೆಟಿನಾದಲ್ಲಿರುವ ಮ್ಯೂಲರ್ ಕೋಶಗಳು ಬೆಳಕನ್ನು ಕೊಳವೆಯಂತೆ ಹಿಂದಕ್ಕೆ ಸಾಗಿಸುತ್ತವೆ ಎಂದು 2007ರಲ್ಲಿ ಕಂಡುಬಂತು. ಚುಕ್ಕೆ ಮಾತ್ರ ಹಾಗೇ ಇದೆ, ಅದು ಬೇರೆ ಮಾತು.

ಆದರೆ ಸೋಬರ್‌ನ ಪ್ರಶ್ನೆ ಪೇಲಿಯನ್ನೂ ಬಿಡುವುದಿಲ್ಲ. ಗಡಿಯಾರವನ್ನು ಇನ್ನೊಮ್ಮೆ ನೋಡಿ. ಚಕ್ರ ಹಿತ್ತಾಳೆಯದು, ಯಾಕೆಂದರೆ ತುಕ್ಕು ಹಿಡಿಯಬಾರದು. ಮುಳ್ಳಿನ ಮೇಲೆ ಗಾಜು, ಯಾಕೆಂದರೆ ಡಬ್ಬಿ ತೆಗೆಯದೇ ಗಂಟೆ ಕಾಣಬೇಕು. ಈ 'ಯಾಕೆಂದರೆ'ಗಳನ್ನು ಪೇಲಿ ಸಲೀಸಾಗಿ ಬರೆದ, ಏಕೆಂದರೆ ಮನುಷ್ಯರಿಗೆ ಗಂಟೆ ಬೇಕು, ರಿಪೇರಿ ಖರ್ಚು ಬೇಡ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು. ಜಗತ್ತನ್ನು ಮಾಡಿದವನಿಗೆ ಏನು ಬೇಕಿತ್ತು ಎಂಬುದು ಹಾಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದಮೇಲೆ ಅವನು ಕಣ್ಣನ್ನು ಹೀಗೆ ಮಾಡುತ್ತಿರಲಿಲ್ಲ ಅನ್ನಲಿಕ್ಕೂ ಆಗದು, ಹೀಗೇ ಮಾಡುತ್ತಿದ್ದ ಅನ್ನಲಿಕ್ಕೂ ಆಗದು. ದೇವರ ಮನಸ್ಸು ನಮಗೆ ತಿಳಿಯದು ಎಂದು ಕುರುಡು ಚುಕ್ಕೆಯಿಂದ ತಪ್ಪಿಸಿಕೊಂಡವರು, ಅದೇ ಉಸಿರಲ್ಲಿ ಲೆನ್ಸ್ ತೋರಿಸಿ ಅವನ ಕೈವಾಡ ಅನ್ನುವಂತಿಲ್ಲ.

ಕೆಲವರು ಇಲ್ಲಿಂದ ಹಿಂದೆ ಸರಿದು, ವಿಕಾಸ ನಡೆಯುವಂಥ ನಿಯಮಗಳನ್ನೇ ದೇವರು ಇಟ್ಟ ಎನ್ನುತ್ತಾರೆ. ಅದಕ್ಕೆ ಡಾರ್ವಿನ್ ಅಡ್ಡ ಬರುವುದಿಲ್ಲ. ಆದರೆ ಆ ವಾದಕ್ಕೆ ಕಣ್ಣಿನ ಆಸರೆಯೂ ಉಳಿಯುವುದಿಲ್ಲ, ಮಾಡಿದವನಿಗೆ ಏನು ಬೇಕಿತ್ತು ಎಂಬ ಪ್ರಶ್ನೆ ಮಾತ್ರ ಅಲ್ಲೂ ಕಾಯುತ್ತಿರುತ್ತದೆ.

ಹಾಗಾಗಿ ತರಗತಿಯಲ್ಲಿ ಒಂದು ಕೆಲಸ ಕೊಡುತ್ತೇನೆ. ಮಾಡಿದವನಿಗೆ ಏನು ಬೇಕಿತ್ತು ಎಂದು ಮೊದಲೇ ಒಂದು ಸಾಲು ಬರೆದಿಡಿ, ಆಮೇಲೆ ಜೀವಿಗಳನ್ನು ನೋಡೋಣ. ಒಬ್ಬ ಹುಡುಗ "ಜೀವಿಗಳಿಗೆ ಕಣ್ಣು ಕಾಣಬೇಕು" ಎಂದು ಬರೆದ. ಮೆಕ್ಸಿಕೊದ ಕತ್ತಲ ಗುಹೆಗಳಲ್ಲಿರುವ ಕುರುಡು ಮೀನಿನ ಚಿತ್ರ ತೋರಿಸಿದೆ. "ಬೆಳಕು ಇರುವ ಕಡೆ" ಎಂದು ಸೇರಿಸಿದ. ಆ ಮೀನಿನ ಭ್ರೂಣದಲ್ಲಿ ಕಣ್ಣು ಬೆಳೆಯಲು ಶುರುವಾಗಿ ಆಮೇಲೆ ಕ್ಷೀಣಿಸಿಹೋಗುತ್ತದೆ ಎಂದೆ. ಸ್ವಲ್ಪ ಹೊತ್ತು ಪೆನ್ನು ಕಚ್ಚಿದ. ಆಮೇಲೆ ಸೇರಿಸಿದ್ದನ್ನು ಹೊಡೆದುಹಾಕಿ, "ಇದನ್ನ ಮೀನು ನೋಡಿದ ಮೇಲೆ ಬರೆದಿದ್ದು ಸರ್, ಲೆಕ್ಕಕ್ಕೆ ತಗೋಬೇಡಿ" ಅಂದ.