ಗುತ್ತಿನ ಮನೆಗೆ ನಾಗವಲ್ಲಿ ಬಂದರೆ?

ಪ್ರಶ್ನೆ: ಕಥೆ ಅದೇ, ದೃಶ್ಯವೂ ಹೆಚ್ಚುಕಡಿಮೆ ಅದೇ. ಆದರೂ ಕೆಲವು ರಿಮೇಕ್‌ಗಳು ಓಡುತ್ತವೆ, ಕೆಲವು ಮಕಾಡೆ ಮಲಗುತ್ತವೆ. ಯಾಕೆ?

ಉತ್ತರ: ಓಡಿದ್ದರಲ್ಲಿ ಏನು ಬದಲಾಗಿತ್ತು ಅಂತ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. 1993ರ ಮಲಯಾಳಂ ‘ಮಣಿಚಿತ್ರತ್ತಾಳ್’ ತೆಗೆದುಕೊಳ್ಳಿ. ಹೊರಗೆ ಹೋಗುವುದು ಬೇಡ ಎಂದು ಗಂಡ ತಡೆಯುತ್ತಾನೆ. ಗಂಗಾಳ ದನಿ ಬದಲಾಗುತ್ತದೆ, ಮಂಚವನ್ನೇ ಎತ್ತಿಬಿಡುತ್ತಾಳೆ, ಬಾಯಲ್ಲಿ ತಮಿಳು ಬರುತ್ತದೆ. ಹಿಂದೆ ತಂಜಾವೂರಿನಿಂದ ತಂದು ಇದೇ ಮನೆಯಲ್ಲಿ ಕೂಡಿಹಾಕಿದ್ದ, ಸತ್ತುಹೋದ ನರ್ತಕಿ ನಾಗವಲ್ಲಿಯ ಭಾಷೆ ಅದು; ಬೀಗ ಹಾಕಿದ್ದ ಅವಳ ಕೋಣೆಯನ್ನು ಗಂಗಾ ತೆರೆದಿರುತ್ತಾಳೆ. ಮಲಯಾಳಿ ಪ್ರೇಕ್ಷಕನಿಗೆ ತಮಿಳು ಅರ್ಥವಾಗುತ್ತದೆ, ಆದರೆ ಮನೆಯ ಮಾತಲ್ಲ. ಭಯ ಇರುವುದು ಆ ಸಣ್ಣ ಅಂತರದಲ್ಲೇ.

ಇದನ್ನು ಕನ್ನಡಕ್ಕೆ ತರುವಾಗ ತಮಿಳನ್ನೇ ಉಳಿಸಿಕೊಳ್ಳಬಹುದಿತ್ತು. ಆದರೆ 2004ರ ‘ಆಪ್ತಮಿತ್ರ’ದಲ್ಲಿ ನಾಗವಲ್ಲಿ ತೆಲುಗಿನವಳಾದಳು. ಮರುವರ್ಷ ತಮಿಳಿನ ‘ಚಂದ್ರಮುಖಿ’ಯಲ್ಲೂ ತೆಲುಗು; ಅಲ್ಲಿ ಬೇರೆ ದಾರಿಯೇ ಇರಲಿಲ್ಲ, ತಮಿಳರಿಗೆ ತಮಿಳು ಪರಭಾಷೆ ಆಗುವುದು ಹೇಗೆ? 2007ರ ಹಿಂದಿ ‘ಭೂಲ್ ಭುಲಯ್ಯಾ’ದಲ್ಲಿ ಬಂಗಾಳಿ. ಭಾಷೆ ಪ್ರತಿ ಸಲ ಬೇರೆ, ಅದು ಮಾಡುವ ಕೆಲಸ ಮಾತ್ರ ಒಂದೇ: ಪಕ್ಕದ ಊರಿನವಳು, ಆದರೂ ಹೊರಗಿನವಳು. ನಾಯಕನ ವಿಷಯದಲ್ಲೂ ಲೆಕ್ಕಾಚಾರ ಬದಲಾಯಿತು. ಮಲಯಾಳಂನಲ್ಲಿ ಮನೋವೈದ್ಯನಾಗಿ ಮೋಹನ್‌ಲಾಲ್ ಕಥೆ ಸಾಕಷ್ಟು ಮುಂದೆ ಹೋದ ಮೇಲೆ ಬರುತ್ತಾರೆ. ‘ಚಂದ್ರಮುಖಿ’ಯಲ್ಲಿ ರಜನಿಗಾಗಿ ಅಷ್ಟು ಹೊತ್ತು ಕಾಯಿಸಿದರೆ ಥಿಯೇಟರ್ ಸುಮ್ಮನಿರುತ್ತದೆಯೇ? ಶುರುವಿಗೇ ಫೈಟು, ಹಾಡು.

ಈಗ ಸೋತದ್ದನ್ನು ನೋಡಿ. ನಮ್ಮ ಮಲ್ಪೆಯಲ್ಲಿ ನಡೆಯುವ ‘ಉಳಿದವರು ಕಂಡಂತೆ’ (2014) 2017ರಲ್ಲಿ ತಮಿಳಿನಲ್ಲಿ ‘ರಿಚಿ’ಯಾಯಿತು, ಗೆಲ್ಲಲಿಲ್ಲ. ಮೂಲದ ಘಟನೆಗಳನ್ನು ಒಂದು ಪುಟದಲ್ಲಿ ಬರೆದು ಮುಗಿಸಬಹುದು. ಉಳಿದದ್ದೆಲ್ಲ ದಕ್ಕೆಯ ಗಾಳಿ, ಅಷ್ಟಮಿಯ ಹುಲಿವೇಷ, ಕುಂದಾಪುರ-ಉಡುಪಿ ಕಡೆಯ ಮಾತಿನ ಧಾಟಿ. ಘಟನೆಗಳನ್ನು ಇನ್ನೊಂದು ಕರಾವಳಿಗೆ ಒಯ್ಯಬಹುದು, ಧಾಟಿಯನ್ನು ಅಲ್ಲಿನ ಬರಹಗಾರ ಹೊಸದಾಗಿಯೇ ಹುಟ್ಟಿಸಬೇಕು. ಮೂಲವೇ ಬಿಡುಗಡೆಯಾದಾಗ ದೊಡ್ಡ ಹಿಟ್ ಆಗಿರಲಿಲ್ಲ, ಅಭಿಮಾನಿಗಳು ಆಮೇಲೆ ಹುಟ್ಟಿಕೊಂಡರು ಎಂಬುದನ್ನೂ ಹಕ್ಕು ಕೊಳ್ಳುವವರು ನೆನಪಿಡಬೇಕು.

ಹಾಗಾದರೆ ನಾಗವಲ್ಲಿಯನ್ನು ತುಳುವಿಗೆ ತಂದರೆ? ತರವಾಡು ಎಂಬ ಕೇರಳದ ಹಳೇ ಮನೆತನದ ಮನೆಯ ಬದಲು ತುಳುನಾಡಿನ ದೊಡ್ಡ ಮನೆತನದ ಗುತ್ತಿನ ಮನೆ ಸುಲಭವಾಗಿ ಸಿಗುತ್ತದೆ. ತೊಡಕು ಬೀಗ ಹಾಕಿದ ಕೋಣೆಯದ್ದು. ಗುತ್ತಿನ ಮನೆಯಲ್ಲಿ ಅಂಥ ಕೋಣೆ ತೋರಿಸಿದರೆ ಇಲ್ಲಿನ ಪ್ರೇಕ್ಷಕ ಮೊದಲು ನೆನೆಯುವುದು ದೈವದ ಕೋಣೆಯನ್ನು, ಅವನಿಗೆ ಬರುವುದು ಭಯಕ್ಕಿಂತ ಭಕ್ತಿ. ಮೈಮೇಲೆ ಬರುವುದನ್ನು ಕೋಲದಲ್ಲಿ ಕೈಮುಗಿದು ನೋಡುವ ಊರಿನಲ್ಲಿ ಮನೋವೈದ್ಯ ಅದನ್ನು ಕಾಯಿಲೆ ಅಂದರೆ ಅರ್ಧ ಥಿಯೇಟರ್ ಮುನಿಸಿಕೊಳ್ಳುತ್ತದೆ. ಅದಕ್ಕೇ ಮೊದಲ ಇಪ್ಪತ್ತು ನಿಮಿಷದಲ್ಲೇ ಇದು ದೈವವಲ್ಲ, ಕುಲೆ, ಅಂದರೆ ಸತ್ತವರ ಪ್ರೇತ ಎಂದು ಮನೆಯ ಹಿರಿಯರೊಬ್ಬರ ಬಾಯಲ್ಲಿ ಹೇಳಿಸಬೇಕು. ದೈವದ ಕೋಣೆಯನ್ನು ಬೇರೆಯಾಗಿ, ದೀಪ ಹಚ್ಚಿದ್ದನ್ನು ತೋರಿಸಬೇಕು. ಇನ್ನು ನಾಗವಲ್ಲಿಯ ಭಾಷೆ: ಮಲಯಾಳಂ ಇಲ್ಲಿ ದಿನಾ ಕಿವಿಗೆ ಬೀಳುತ್ತದೆ, ಕೊಂಕಣಿ ಪಕ್ಕದ ಮನೆಯದ್ದು. ನನ್ನನ್ನು ಕೇಳಿದರೆ ಮರಾಠಿ ನಡೆದೀತು.